ಬಿಸಿಲಿಗೆ ಹಿಡಿದು ನೋಡಿ ಕೊಂಡ ಫೋನ್

ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಿಂದ ನನ್ನ ತಂಗಿಯ ಮಗಳು ಒಂದು ವಿಡಿಯೊ ಕಳಿಸಿದ್ದಳು. ಹನ್ನೊಂದು ನಿಮಿಷದ್ದು. ಮೊದಲ ಅರ್ಧ ನಿಮಿಷ ಅವಳ ಮುಖ, ಹಿಂದೆ ಬಳೆ ಅಂಗಡಿಗಳ ಸಾಲು, ಬೆಳಕು ಚೆಂದ, ಎಲ್ಲ ಸರಿಯಾಗಿತ್ತು. ಆಮೇಲೆ ಅವಳು ಬಾಯಿ ತೆರೆದಳು. ಕೇಳಿಸಿದ್ದು ತೊಟ್ಟಿಲು ತಿರುಗಿಸುವವರ ಧ್ವನಿವರ್ಧಕ, ಪಕ್ಕದ ಪೀಪಿ ಮಾರುವವನ ಪೀಪಿ, ಭರ್ ಎಂದು ಬೀಸುವ ಗಾಳಿ. ನಾಲ್ಕನೇ ನಿಮಿಷಕ್ಕೆ ಒಂದು ಜೋಡಿ ಬಳೆಯನ್ನು ಕ್ಯಾಮೆರಾ ಹತ್ತಿರ ಹಿಡಿದು ತೋರಿಸಿದಳು. ಬಳೆ ಮಸುಕು, ಹಿಂದಿನ ಅವಳ ಕಿವಿಯೋಲೆ ಸ್ಪಷ್ಟ. ಹನ್ನೊಂದನೇ ನಿಮಿಷದಲ್ಲಿ ವಿಡಿಯೊ ನಡುಮಾತಿನಲ್ಲೇ ನಿಂತುಬಿಟ್ಟಿತ್ತು.

ಫೋನ್ ಮಾಡಿ ಕೇಳಿದೆ. "ಮಾಮಾ, ಕೈಯಾಗ ಹಿಡಿಲಾಕ ಬರಲಾರದಷ್ಟು ಕಾಯ್ದಿತ್ತು. ತಾನೇ ಕ್ಯಾಮೆರಾ ಬಂದ್ ಮಾಡ್ತು. ಹೊಸಾದು ತಗೋಬೇಕು, ನೀವೇ ನೋಡಿ ಹೇಳ್ರಿ," ಅಂದಳು.

ನಾನು ಇಪ್ಪತ್ತು ವರ್ಷ ಮದುವೆ, ಮುಂಜಿವೆ, ಸಾಕ್ಷ್ಯಚಿತ್ರ ಎಂದು ಕ್ಯಾಮೆರಾ ಹೊತ್ತವನು. ಈಗ ಅರ್ಧ ಕೆಲಸ ಫೋನಿನಲ್ಲೇ ಮಾಡುತ್ತೇನೆ. ಅವಳ ಒಂದೇ ವಿಡಿಯೊದಲ್ಲಿ ವ್ಲಾಗ್ ಮಾಡುವವರ ಮೂರೂ ಗೋಳು ಸಾಲಾಗಿ ಕೂತಿದ್ದವು: ದನಿ, ಮುಂದಿನ ಕ್ಯಾಮೆರಾ, ಕಾವು. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚು ಮಾಡುವ ಸಂಗತಿಗಳಿಗೂ ಈ ಮೂರಕ್ಕೂ ಹೆಚ್ಚು ನಂಟಿಲ್ಲ. ಆ ಶನಿವಾರ ಅವಳನ್ನು ಕರೆದುಕೊಂಡು ಅಂಗಡಿಗೆ ಹೋದೆ. ಹೋಗುವಾಗ ಜೇಬಿನಲ್ಲಿ ಎರಡು ಮೈಕ್ ಇಟ್ಟುಕೊಂಡಿದ್ದೆ. ಒಂದು ತಂತಿಯದು, ಕಾಲರಿಗೆ ಸಿಕ್ಕಿಸುವಂಥದ್ದು. ಇನ್ನೊಂದು ವೈರ್‌ಲೆಸ್, ಅದರ ರಿಸೀವರನ್ನು ಫೋನಿನ ಚಾರ್ಜಿಂಗ್ ರಂಧ್ರಕ್ಕೆ ಚುಚ್ಚಬೇಕು.

ಮೊದಲು ಮೈಕ್ ವಿಚಾರವನ್ನೇ ಹೇಳುತ್ತೇನೆ. ಏಕೆಂದರೆ ಚಿತ್ರ ಸ್ವಲ್ಪ ಮಂಕಾದರೂ ಜನ ನೋಡುತ್ತಾರೆ, ಮಾತು ತಿಳಿಯದಿದ್ದರೆ ಮುಂದಕ್ಕೆ ತಳ್ಳುತ್ತಾರೆ.

ಫೋನನ್ನು ಕೈಚಾಚಿ ಹಿಡಿದಾಗ ಅದರ ಮೈಕ್ ನಮ್ಮ ಬಾಯಿಂದ ಸುಮಾರು ಅರವತ್ತು ಸೆಂಟಿಮೀಟರ್ ದೂರ ಇರುತ್ತದೆ. ಎದೆಗೆ ಸಿಕ್ಕಿಸಿದ ಮೈಕ್ ಇಪ್ಪತ್ತು ಸೆಂಟಿಮೀಟರ್, ಒಂದು ಗೇಣು. ದೂರ ಮೂರನೇ ಒಂದಾದರೆ ಮೈಕಿಗೆ ತಲುಪುವ ದನಿಯ ಬಲ ಮೂರು ಪಟ್ಟಲ್ಲ, ಒಂಬತ್ತು ಪಟ್ಟಾಗುತ್ತದೆ. ಜಾತ್ರೆಯ ಗದ್ದಲ ಮಾತ್ರ ಎರಡೂ ಕಡೆ ಅಷ್ಟೇ ಇರುತ್ತದೆ. ಮೈಕ್ ಹಾಕಿದರೆ ಮಾತು ಮೇಲೆದ್ದು ಗದ್ದಲ ಹಿಂದೆ ಸರಿಯುವುದು ಈ ಲೆಕ್ಕದಿಂದಲೇ ಹೊರತು ಮೈಕಿನ ಬೆಲೆಯಿಂದಲ್ಲ. ಸಾವಿರ ರೂಪಾಯಿಯ ಮೈಕ್ ಎದೆಯ ಮೇಲಿದ್ದರೆ, ಲಕ್ಷದ ಫೋನಿನ ಸ್ವಂತ ಮೈಕಿಗಿಂತ ಜಾತ್ರೆಯಲ್ಲಿ ಚೆನ್ನಾಗಿ ಕೇಳಿಸುತ್ತದೆ.

ಆದರೆ ಫೋನ್ ಆ ಮೈಕನ್ನು ಒಪ್ಪಬೇಕು. ಜನ ಎಡವುವುದೇ ಇಲ್ಲಿ.

ಹಳೆಯ ದುಂಡು ರಂಧ್ರ, ಅಂದರೆ ಇಯರ್‌ಫೋನ್ ಜ್ಯಾಕ್ ಇರುವ ಫೋನ್ ನಿಮ್ಮದಾದರೆ ಮೈಕಿನ ಪಿನ್ನನ್ನು ಒಮ್ಮೆ ಕಣ್ಣ ಹತ್ತಿರ ತಂದು ನೋಡಿ. ಅದರ ಮೇಲೆ ಕಪ್ಪು ಉಂಗುರಗಳಿರುತ್ತವೆ. ಎರಡು ಉಂಗುರ ಇದ್ದರೆ ಅದು ದೊಡ್ಡ ಕ್ಯಾಮೆರಾಗಳಿಗೆಂದು ಮಾಡಿದ ಮೈಕ್. ಮೂರು ಇದ್ದರೆ ಫೋನಿನದು. ಫೋನಿನ ಜ್ಯಾಕ್‌ನಲ್ಲಿ ಎಡಗಿವಿ, ಬಲಗಿವಿ, ನೆಲತಂತಿ, ಮೈಕ್ ಎಂದು ನಾಲ್ಕು ಸಂಪರ್ಕಗಳಿರುತ್ತವೆ. ಎರಡು ಉಂಗುರದ ಪಿನ್ನಿನಲ್ಲಿ ಮೂರೇ ಸಂಪರ್ಕ. ಅದನ್ನು ಹಾಕಿದರೆ ಫೋನ್ ಇಯರ್‌ಫೋನ್ ಬಂತು ಎಂದುಕೊಂಡು ತನ್ನ ಸ್ವಂತ ಮೈಕಿನಿಂದಲೇ ರೆಕಾರ್ಡ್ ಮಾಡುತ್ತದೆ. ಎಚ್ಚರಿಕೆಯ ಸೂಚನೆ ಏನೂ ಬರುವುದಿಲ್ಲ. ಪಿನ್ ಬದಲಿಸುವ ಅಡಾಪ್ಟರ್ ಸಿಗುತ್ತದೆ, ದುಬಾರಿಯೇನಲ್ಲ.

ಈಗಿನ ಹೆಚ್ಚಿನ ಫೋನುಗಳಲ್ಲಿ ಆ ರಂಧ್ರವೇ ಇಲ್ಲ. ಚಾರ್ಜ್ ಮಾಡುವ ಟೈಪ್-ಸಿ ರಂಧ್ರಕ್ಕೇ ಮೈಕ್ ಹಾಕಬೇಕು. ಐಫೋನಿಗೂ 2023ರ 15ನೇ ಸರಣಿಯಿಂದ ಇದೇ ರಂಧ್ರ ಬಂದಿದೆ. ಅದಕ್ಕಿಂತ ಹಳೆಯ ಐಫೋನಿಗೆ ಲೈಟ್ನಿಂಗ್ ರಿಸೀವರ್ ಬೇಕು, ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಮರೆಯಬಾರದು. ಟೈಪ್-ಸಿ ಇದ್ದರೆ ಎಲ್ಲ ಸುಸೂತ್ರ ಅಂದುಕೊಳ್ಳುವುದು ಸಹಜ. ನಾವೂ ಹಾಗೇ ಅಂದುಕೊಂಡು ಮೊದಲ ಫೋನಿಗೆ ರಿಸೀವರ್ ಚುಚ್ಚಿದೆವು. ರಿಸೀವರಿನ ದೀಪವೇ ಹತ್ತಲಿಲ್ಲ.

ಅಂಗಡಿಯ ಹುಡುಗ, "ಸರ್, ನಿಮ್ಮ ಮೈಕೇ ಹೋಗೇತಿ," ಅಂದ. ಮೈಕ್ ಹೋಗಿರಲಿಲ್ಲ. ಕೆಲವು ಕಂಪನಿಗಳು ಬ್ಯಾಟರಿ ಉಳಿಸಲೆಂದು ಓಟಿಜಿ ಎಂಬ ಸೌಲಭ್ಯವನ್ನು ಮುಚ್ಚಿಟ್ಟಿರುತ್ತವೆ. ಫೋನು ತನಗೆ ಚುಚ್ಚಿದ ಸಾಧನಕ್ಕೆ ಕರೆಂಟು ಕೊಡುವುದು ಅದರ ಮೂಲಕ. ಸೆಟ್ಟಿಂಗ್ಸ್‌ಗೆ ಹೋಗಿ ಹುಡುಕುವ ಜಾಗದಲ್ಲಿ OTG ಎಂದು ಹೊಡೆದು, ಬಂದ ಗುಂಡಿಯನ್ನು ಆನ್ ಮಾಡಿದೆ. ದೀಪ ಹತ್ತಿತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಹತ್ತು ನಿಮಿಷ ಬಳಸದಿದ್ದರೆ ತಾನಾಗಿ ಆಫ್ ಆಗುತ್ತದೆ ಎಂದು ಬರೆದಿತ್ತು. ಜಾತ್ರೆಯಲ್ಲಿ ಮೈಕ್ ಬಿಚ್ಚಿ, ಕಾಲು ಗಂಟೆ ಮಿರ್ಚಿ ಭಜಿ ತಿಂದು, ಮತ್ತೆ ಮೈಕ್ ಚುಚ್ಚಿ ಶುರು ಮಾಡಿದರೆ ಆ ಗುಂಡಿಯನ್ನು ಮತ್ತೆ ಒತ್ತಬೇಕು. ಮರೆತರೆ ದನಿ ಹೋಯಿತು. ಇದು ಫೋನನ್ನು ತಳ್ಳಿಹಾಕುವಂಥ ದೋಷವಲ್ಲ, ಆದರೆ ದಿನವೂ ಕಾಡುವ ಕಿರಿಕಿರಿ.

ದೀಪ ಹತ್ತಿದರೂ ಮುಗಿಯಲಿಲ್ಲ. ಮೈಕಿಗೆ ಕರೆಂಟು ಹೋಗುವುದು ಒಂದು ಮಾತು, ಕ್ಯಾಮೆರಾ ಆ್ಯಪ್ ಅದರಿಂದ ದನಿ ತೆಗೆದುಕೊಳ್ಳುವುದು ಇನ್ನೊಂದು. ಇದನ್ನು ಪತ್ತೆ ಮಾಡಲು ನಾನು ಮಾಡುವ ಉಪಾಯ ಬಹಳ ಸರಳ. ರೆಕಾರ್ಡಿಂಗ್ ಶುರು ಮಾಡಿ, "ಇದು ಕಾಲರ್ ಮೈಕು" ಎಂದು ಹೇಳಿ ಆ ಮೈಕನ್ನು ಉಗುರಿನಿಂದ ಮೂರು ಸಲ ಗೀರುತ್ತೇನೆ. ಆಮೇಲೆ "ಇದು ಫೋನಿನ ಮೈಕು" ಎಂದು ಹೇಳಿ ಫೋನಿನ ಕೆಳಅಂಚಿನ ಸಣ್ಣ ತೂತಿನ ಹತ್ತಿರ ಮೂರು ಸಲ ಗೀರುತ್ತೇನೆ. ಮೈಕ್ ಬಿಚ್ಚಿಟ್ಟು ವಿಡಿಯೊ ಹಾಕಿ ಕೇಳಿದರೆ, ಯಾವ ಗೀರು ಕರಕರ ಎಂದು ಕಿವಿಗೆ ಅಪ್ಪಳಿಸುತ್ತದೋ ಆ ಮೈಕೇ ಕೆಲಸ ಮಾಡಿದೆ. ಬರೇ ಮಾತಾಡಿ ನೋಡಿದರೆ ಮೋಸ ಹೋಗುತ್ತೀರಿ. ಶಾಂತವಾದ ಅಂಗಡಿಯಲ್ಲಿ ಎರಡೂ ಮೈಕಿನ ಮಾತು ಹತ್ತಿರ ಹತ್ತಿರ ಒಂದೇ ಥರ ಕೇಳಿಸುತ್ತದೆ.

ಆ ಮೊದಲ ಫೋನಿನಲ್ಲಿ ಅಪ್ಪಳಿಸಿದ್ದು ಕೆಳಅಂಚಿನ ಗೀರು. ಕಂಪನಿಯವರ ಸ್ವಂತ ಕ್ಯಾಮೆರಾ ಆ್ಯಪ್ ಹೊರಗಿನ ಮೈಕನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಇದಕ್ಕೆ ದಾರಿ ಇಲ್ಲದಿಲ್ಲ. ಓಪನ್ ಕ್ಯಾಮೆರಾ ಎಂಬ ಉಚಿತ ಆ್ಯಪ್ ಹಾಕಿಕೊಂಡು, ಅದರ ವಿಡಿಯೊ ಸೆಟ್ಟಿಂಗಿನಲ್ಲಿ ದನಿಯ ಮೂಲ ಹೊರಗಿನ ಮೈಕ್ ಎಂದು ಆರಿಸಬಹುದು. ಸ್ಯಾಮ್‌ಸಂಗ್‌ನ ಮೇಲ್ದರ್ಜೆಯ ಫೋನುಗಳ ಪ್ರೊ ವಿಡಿಯೊ ಎಂಬ ವಿಭಾಗದಲ್ಲಂತೂ ಯಾವ ಮೈಕಿನಿಂದ ಬೇಕು ಎಂದು ಆರಿಸುವ ಗುಂಡಿಯೇ ಇದೆ, ಮೈಕಿನ ದನಿ ಮಟ್ಟದ ಪಟ್ಟಿ ಕಣ್ಣೆದುರೇ ಕುಣಿಯುತ್ತದೆ. ಆದರೆ ಬೇರೆ ಆ್ಯಪ್ ಹಾಕಿಕೊಳ್ಳುವುದಕ್ಕೆ ಒಂದು ಬೆಲೆ ಉಂಟು. ಚಿತ್ರ ಅಲುಗದಂತೆ ಹಿಡಿಯುವ, ಮಬ್ಬು ಬೆಳಕನ್ನು ಎತ್ತುವ ಕಂಪನಿಯ ಕೈಚಳಕಗಳೆಲ್ಲ ಅದರದೇ ಆ್ಯಪಿನಲ್ಲಿ ಇರುತ್ತವೆ, ಹೊರಗಿನ ಆ್ಯಪಿಗೆ ಪೂರ್ತಿ ಸಿಗುವುದಿಲ್ಲ. ದನಿ ಗೆದ್ದು ಚಿತ್ರ ಸೋತ ಹಾಗಾಗುತ್ತದೆ. ಸ್ವಂತ ಆ್ಯಪಿನಲ್ಲೇ ಹೊರಗಿನ ಮೈಕ್ ನಡೆಯುವ ಫೋನೇ ಬೇಕು ಎಂದು ನಾನು ಹಟ ಹಿಡಿದದ್ದು ಇದಕ್ಕೆ. ಆ ಫೋನನ್ನು ಪಕ್ಕಕ್ಕಿಟ್ಟೆವು.

"ಬ್ಲೂಟೂತ್ ಇಯರ್‌ಬಡ್ ಐತಲ್ಲ ಮಾಮಾ, ಅದನ್ನೇ ಹಾಕ್ಕೊಂಡ್ರ ಆಗಂಗಿಲ್ಲೇನು?" ಎಂದು ಅವಳು ಕೇಳಿದಳು. ಇಯರ್‌ಬಡ್ ಮೈಕ್ ಆಗಿ ಕೆಲಸ ಮಾಡುವಾಗ ಬ್ಲೂಟೂತ್ ಸಾಮಾನ್ಯವಾಗಿ ಫೋನ್ ಕರೆಯ ದಾರಿಗೆ ಇಳಿಯುತ್ತದೆ. ಆ ದಾರಿ ಇಕ್ಕಟ್ಟು. ದನಿಯ ಮೇಲಿನ ಪದರಗಳೆಲ್ಲ ಕತ್ತರಿಸಿ ಹೋಗಿ, ಡಬ್ಬಿಯೊಳಗಿಂದ ಮಾತಾಡಿದ ಹಾಗೆ ಕೇಳಿಸುತ್ತದೆ. ವೈರ್‌ಲೆಸ್ ಮೈಕಿನ ಕಿಟ್ ಹೀಗಲ್ಲ, ಅದು ತನ್ನದೇ ರೇಡಿಯೊದಲ್ಲಿ ದನಿ ಕಳಿಸಿ, ರಿಸೀವರ್ ಮೂಲಕ ತಂತಿಯ ಮೈಕಿನಂತೆಯೇ ಫೋನಿಗೆ ಕೊಡುತ್ತದೆ.

ಇನ್ನೊಂದು ಸಣ್ಣ ಮಾತು, ಇದು ಫೋನಿಗೆ ಸಂಬಂಧಿಸಿದ್ದಲ್ಲ. ಹೆಣ್ಣುಮಕ್ಕಳು ಸೆರಗಿನ ಅಂಚಿಗೆ ಮೈಕ್ ಸಿಕ್ಕಿಸಿದಾಗ ಕೊರಳ ಸರ ಅದಕ್ಕೆ ಬಡಿಯುತ್ತದೆ. ಪ್ರತಿ ಹೆಜ್ಜೆಗೂ ಟಿಕ್, ಟಿಕ್. ರೇಷ್ಮೆ ಸೀರೆಯಾದರೆ ಸರಸರ ಸದ್ದು ಬೇರೆ. ಸರವನ್ನು ಒಳಗೆ ಹಾಕಿ, ಮೈಕನ್ನು ಬಟ್ಟೆ ಅಲುಗದ ಕಡೆ ಸಿಕ್ಕಿಸಿ, ಅದರ ಮೇಲೆ ತುಪ್ಪಳದ ಟೋಪಿ ಹಾಕಿ. ಆ ಟೋಪಿ ಅಲಂಕಾರಕ್ಕಲ್ಲ. ಕಲಬುರಗಿಯ ಗಾಳಿಗೆ ಬರೀ ಸ್ಪಂಜು ಸಾಲದು.

ಇನ್ನು ಮುಂದಿನ ಕ್ಯಾಮೆರಾ. ಪಕ್ಕಕ್ಕಿಟ್ಟ ಆ ಮೊದಲ ಫೋನಿನ ಪೆಟ್ಟಿಗೆಯ ಮೇಲೆ ಐವತ್ತು ಮೆಗಾಪಿಕ್ಸೆಲ್ ಸೆಲ್ಫಿ ಎಂದು ಬರೆದಿತ್ತು. ಹುಡುಗ ಅದನ್ನೇ ಮೂರು ಸಲ ಹೇಳಿದ. ನಾನು ಕ್ಯಾಮೆರಾ ತೆರೆದು, ಮುಂಭಾಗಕ್ಕೆ ತಿರುಗಿಸಿ, ವಿಡಿಯೊಗೆ ಹೋಗಿ, ಮೇಲಿನ ಗುಣಮಟ್ಟದ ಗುಂಡಿ ಒತ್ತಿ ತೋರಿಸಿದೆ. 1080p, 30 ಎಂಬ ಒಂದೇ ಆಯ್ಕೆ ಇತ್ತು. 1080p ವಿಡಿಯೊದ ಒಂದು ಚೌಕಟ್ಟಿನಲ್ಲಿ ಇರುವುದು ಸುಮಾರು ಎರಡು ಮೆಗಾಪಿಕ್ಸೆಲ್. 4K ಎಂದರೂ ಎಂಟು ಚಿಲ್ಲರೆ. ಐವತ್ತು ಎಂಬ ಅಂಕಿ ಫೋಟೊಗೆ. ವಿಡಿಯೊ ಮಾಡುವವರಿಗೆ ಅದು ಏನನ್ನೂ ಹೇಳುವುದಿಲ್ಲ. ಫೋನಿನ ವಿವರದಲ್ಲಿ ಹಿಂದಿನ ಕ್ಯಾಮೆರಾಗೆ 4K ಇದೆ ಎಂದಿದ್ದರೆ ಮುಂದಿನದಕ್ಕೂ ಇದೆ ಎಂದೇನಿಲ್ಲ. ಅವೆರಡೂ ಬೇರೆ ಬೇರೆ ಸಾಲು, ಎರಡನೆಯದನ್ನು ಎಷ್ಟೋ ಸಲ ಬರೆದೇ ಇರುವುದಿಲ್ಲ.

ಹಾಗಂತ 4K ಇಲ್ಲದಿದ್ದರೆ ವ್ಲಾಗ್ ಆಗುವುದಿಲ್ಲ ಎಂದು ನಾನು ಹೇಳುವುದಿಲ್ಲ. ನೋಡುವವರು ಹೆಚ್ಚಾಗಿ ಫೋನಿನಲ್ಲೇ ನೋಡುತ್ತಾರೆ, ಅಷ್ಟು ಚಿಕ್ಕ ಪರದೆಗೆ ಒಳ್ಳೆಯ 1080p ಧಾರಾಳ ಸಾಕು. ಆಮೇಲೆ ಎಡಿಟ್ ಮಾಡುವಾಗ ಮುಖವನ್ನು ಹತ್ತಿರ ತರಬೇಕು, ಅಡ್ಡ ತೆಗೆದದ್ದನ್ನು ಉದ್ದಕ್ಕೆ ಕತ್ತರಿಸಿ ಶಾರ್ಟ್ಸ್ ಮಾಡಬೇಕು ಎನ್ನುವವರಿಗೆ 4K ಉಪಯೋಗ. ನನ್ನ ಮಟ್ಟಿಗೆ ಮುಂದಿನ ಕ್ಯಾಮೆರಾದಲ್ಲಿ ಅದಕ್ಕಿಂತ ದೊಡ್ಡ ಸಂಗತಿ ಆಟೊಫೋಕಸ್.

ಬಳೆ ಮಸುಕಾದದ್ದು ಅದು ಇಲ್ಲದ್ದರಿಂದ. ಬಹುಪಾಲು ಫೋನುಗಳ ಮುಂದಿನ ಕ್ಯಾಮೆರಾದ ಲೆನ್ಸು ಒಂದೇ ಜಾಗದಲ್ಲಿ ಅಂಟಿಸಿ ಕೂರಿಸಿದ್ದು. ಕೈಚಾಚಿದಷ್ಟು ದೂರದ ಮುಖ ಸ್ಪಷ್ಟ ಕಾಣುವಂತೆ ಕಾರ್ಖಾನೆಯಲ್ಲೇ ಹೊಂದಿಸಿರುತ್ತಾರೆ. ಸೆಲ್ಫಿಗೆ ಅಷ್ಟು ಸಾಕು. ಆದರೆ ವ್ಲಾಗ್ ಮಾಡುವವರು ವಸ್ತು ಹತ್ತಿರ ತಂದು ತೋರಿಸುವವರು: ಬಳೆ, ರೊಟ್ಟಿ, ಸೀರೆಯ ಅಂಚು, ಔಷಧದ ಚೀಟಿ. ಆಗ ಲೆನ್ಸು ಸರಿಯಬೇಕು, ಅಂಟಿಸಿದ ಲೆನ್ಸು ಸರಿಯುವುದಿಲ್ಲ. ಐಫೋನಿನಲ್ಲಿ 2022ರ 14ನೇ ಸರಣಿಯಿಂದ ಮುಂದಿನ ಕ್ಯಾಮೆರಾಗೆ ಆಟೊಫೋಕಸ್ ಬಂತು. ಆಂಡ್ರಾಯ್ಡ್‌ನಲ್ಲಿ ಮೇಲ್ದರ್ಜೆಯ ಹಲವು ಮಾದರಿಗಳಲ್ಲಿ ಇದೆ, ಮಧ್ಯಮ ಬೆಲೆಯಲ್ಲಿ ಹುಡುಕಬೇಕು.

ಅಂಗಡಿಯಲ್ಲೇ ನೋಡುವುದು ಸುಲಭ. ಮುಂದಿನ ಕ್ಯಾಮೆರಾದಲ್ಲಿ ರೆಕಾರ್ಡ್ ಮಾಡುತ್ತಾ ಸಣ್ಣ ಅಕ್ಷರವಿರುವ ಏನನ್ನಾದರೂ ಒಂದು ಗೇಣು ದೂರಕ್ಕೆ ತನ್ನಿ. ನಾವು ಅಂಗಡಿಯವರ ಬಿಲ್ ಪುಸ್ತಕವನ್ನೇ ಹಿಡಿದೆವು. ಎರಡನೇ ಫೋನಿನಲ್ಲಿ ಅಕ್ಷರಗಳು ಕೊನೆವರೆಗೂ ಇರುವೆ ಸಾಲಿನಂತೆ ಕಂಡವು. ಮೂರನೆಯದರಲ್ಲಿ ಒಂದು ಕ್ಷಣ ಮಸುಕಾಗಿ, ಆಮೇಲೆ ಜಿಎಸ್‌ಟಿ ಸಂಖ್ಯೆ ಓದುವಷ್ಟು ತಿಳಿಯಾಯಿತು. ಪುಸ್ತಕ ಕೆಳಗಿಳಿಸಿದ ಕೂಡಲೇ ಮುಖಕ್ಕೆ ವಾಪಸು ಬಂತು. ವಾಪಸು ಬರುವುದನ್ನೂ ನೋಡಬೇಕು. ಕೆಲವು ಫೋನುಗಳು ವಸ್ತುವನ್ನು ಹಿಡಿದ ಮೇಲೆ ಮುಖವನ್ನು ಮರೆತೇಬಿಡುತ್ತವೆ.

ಎರಡನೆಯ ಪರೀಕ್ಷೆಗೆ ಅವಳನ್ನು ಅಂಗಡಿಯೊಳಗಿಂದ ಗಾಜಿನ ಬಾಗಿಲ ಕಡೆಗೆ ಮಾತಾಡುತ್ತಾ ನಡೆಸಿದೆ, ಬಾಗಿಲು ದಾಟಿ ಬೀದಿಗೆ, ಅಲ್ಲಿಂದ ತಿರುಗಿ ಒಳಕ್ಕೆ. ಇದರಲ್ಲಿ ಎರಡು ವಿಷಯ ಒಟ್ಟಿಗೆ ಗೊತ್ತಾಗುತ್ತವೆ. ನೆರಳಿಂದ ಬಿಸಿಲಿಗೆ ಬಂದಾಗ ಮುಖದ ಬೆಳಕು ಮೆಲ್ಲಗೆ ಹೊಂದಿಕೊಳ್ಳುತ್ತದೋ, ಬೆಳ್ಳಗೆ ಸುಟ್ಟು ಆಮೇಲೆ ಧಡಕ್ಕನೆ ಇಳಿಯುತ್ತದೋ ನೋಡಿ. ನಡೆಯುವಾಗ ಚಿತ್ರ ಎಷ್ಟು ಕುಣಿಯುತ್ತದೆ ಎಂಬುದು ಇನ್ನೊಂದು. ಮುಂದಿನ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಅಲುಗಾಟ ತಡೆಯುವುದು ಲೆನ್ಸಲ್ಲ, ಲೆಕ್ಕ. ಚಿತ್ರದ ಸುತ್ತಲೂ ಒಂದಿಷ್ಟು ಅಂಚು ಕತ್ತರಿಸಿ ಇಟ್ಟುಕೊಂಡು, ಕೈ ಅಲುಗಿದಷ್ಟು ಚಿತ್ರವನ್ನು ವಿರುದ್ಧ ದಿಕ್ಕಿಗೆ ಸರಿಸುತ್ತಾರೆ. ಅಂಚು ಕತ್ತರಿಸಿದ್ದರಿಂದ ಮುಖ ಹತ್ತಿರ ಬಂದಂತಾಗಿ ಚೌಕಟ್ಟಿನ ತುಂಬ ನಾವೇ ಆಗುತ್ತೇವೆ, ಹಿಂದಿನ ಜಾತ್ರೆಗೆ ಜಾಗ ಉಳಿಯುವುದಿಲ್ಲ. ಎರಡನೇ ಫೋನಿನಲ್ಲಿ 4K ಇಟ್ಟ ಕೂಡಲೇ ಈ ಅಲುಗಾಟ ತಡೆ ಸದ್ದಿಲ್ಲದೆ ಆಫ್ ಆಗುತ್ತಿತ್ತು. 1080pಗೆ ಇಳಿಸಿದರೆ ಮರಳುತ್ತಿತ್ತು. ಪೆಟ್ಟಿಗೆಯ ಮೇಲೆ ಎರಡೂ ಇದೆ ಎಂದು ಬರೆದದ್ದು ಸುಳ್ಳೇನಲ್ಲ, ಎರಡೂ ಒಟ್ಟಿಗೆ ಇಲ್ಲ ಅಷ್ಟೇ.

ಪರೀಕ್ಷೆಗೆ ಮುಂಚೆ ಸೌಂದರ್ಯ ಫಿಲ್ಟರನ್ನು ಸೊನ್ನೆಗೆ ತನ್ನಿ. ಅಂಗಡಿಯ ಪ್ರದರ್ಶನದ ಫೋನಿನಲ್ಲಿ ಅದು ಆನ್ ಆಗಿಯೇ ಇರುತ್ತದೆ, ಚರ್ಮವೆಲ್ಲ ಗಚ್ಚು ಬಳಿದ ಗೋಡೆ. ಮುಂದಿನ ಲೆನ್ಸನ್ನೂ ಬಟ್ಟೆಯಿಂದ ಒರೆಸಿ, ಕೆನ್ನೆಯ ಎಣ್ಣೆ ಮೆತ್ತಿದ ಗಾಜಿಗೆ ಯಾವ ಕ್ಯಾಮೆರಾ ತಾನೇ ಏನು ಮಾಡೀತು.

ಮೂರನೇ ಫೋನು ಹಿಂದಿನ ವರ್ಷದ ಮೇಲ್ದರ್ಜೆಯ ಮಾದರಿ. ಹೊಸತು ಬಂದದ್ದರಿಂದ ಬೆಲೆ ಇಳಿದಿತ್ತು, ಆದರೂ ಅವಳ ಅಂದಾಜಿಗಿಂತ ಸ್ವಲ್ಪ ಮೇಲೆಯೇ. ಉಗುರಿನ ಪರೀಕ್ಷೆಯಲ್ಲಿ ಪಾಸು, ಬಿಲ್ ಪುಸ್ತಕದಲ್ಲಿ ಪಾಸು. ಅವಳು ಆಗಲೇ ಪರ್ಸ್ ತೆರೆದಿದ್ದಳು. ನಾನು ಬೇಡ ಅಂದೆ. ಕಾವಿನ ವಿಚಾರವನ್ನು ಎಸಿ ಹಾಕಿದ ಅಂಗಡಿಯಲ್ಲಿ ತೀರ್ಮಾನಿಸುವುದು ಹೇಗೆ?

ಫೋನು ಏಕೆ ಕಾಯುತ್ತದೆ ಎಂಬುದಕ್ಕೆ ಒಂದು ಮನೆಲೆಕ್ಕ ಹೇಳುತ್ತೇನೆ. 5000 ಎಂಎಎಚ್ ಬ್ಯಾಟರಿಯೊಳಗೆ ಸುಮಾರು 19 ವ್ಯಾಟ್-ಗಂಟೆಯಷ್ಟು ಶಕ್ತಿ ಇರುತ್ತದೆ. ಒಂದು ಗಂಟೆ ವಿಡಿಯೊ ತೆಗೆದಾಗ ಬ್ಯಾಟರಿ ನೂರಕ್ಕೆ ಇಪ್ಪತ್ತರಷ್ಟು ಇಳಿಯಿತು ಅನ್ನಿ. ಹಾಗಾದರೆ ಫೋನು ಹತ್ತಿರ ಹತ್ತಿರ ನಾಲ್ಕು ವ್ಯಾಟ್ ತಿಂದಿತು, ತಿಂದದ್ದೆಲ್ಲ ಕೊನೆಗೆ ಕಾವಾಗಿ ಮೈಮೇಲೆ ಬರುತ್ತದೆ. ಒಳಗೆ ಫ್ಯಾನ್ ಇಲ್ಲ. ಗಾಜು, ಲೋಹದ ಮೈಯಿಂದಲೇ ಅದು ಗಾಳಿಗೆ ಹೋಗಬೇಕು. ಇಪ್ಪತ್ತೈದು ಡಿಗ್ರಿಯ ಕೋಣೆಯಲ್ಲಿ ಹೋಗುತ್ತದೆ.

ಈಗ ನಡು ಮಧ್ಯಾಹ್ನದ ಬಿಸಿಲಿಗೆ ಬನ್ನಿ. ನೆತ್ತಿಯ ಸೂರ್ಯ ಒಂದು ಚದರ ಮೀಟರಿಗೆ ಸುಮಾರು ಸಾವಿರ ವ್ಯಾಟ್ ಸುರಿಯುತ್ತಾನೆ. ಹದಿನಾರು ಸೆಂಟಿಮೀಟರ್ ಉದ್ದ, ಏಳೂವರೆ ಅಗಲದ ಫೋನು ಸೂರ್ಯನಿಗೆ ನೇರ ಮುಖ ಮಾಡಿದರೆ ಅದರ ಪಾಲಿಗೆ ಬರುವುದು ಹನ್ನೆರಡು ವ್ಯಾಟ್. ಅಂದರೆ ವಿಡಿಯೊ ತೆಗೆಯುವ ಕೆಲಸದಿಂದ ಹುಟ್ಟುವ ಕಾವಿನ ಮೂರು ಪಟ್ಟನ್ನು ಸೂರ್ಯನೊಬ್ಬನೇ ಹೇರುತ್ತಾನೆ. ಇದಕ್ಕೆ ಎಂಥ ಚಿಪ್ ಹಾಕಿದರೂ, ಎಷ್ಟು ದೊಡ್ಡ ವೇಪರ್ ಚೇಂಬರ್ ಇಟ್ಟರೂ ಒಂದು ಮಿತಿ ಇದ್ದೇ ಇದೆ. ವೇಪರ್ ಚೇಂಬರ್ ಅಂದರೆ ಒಳಗೆ ತುಸು ದ್ರವ ತುಂಬಿದ ತೆಳ್ಳನೆ ಲೋಹದ ಚೀಲ. ಚಿಪ್‌ನ ಒಂದೇ ಚುಕ್ಕೆಯಲ್ಲಿ ಹುಟ್ಟುವ ಕಾವನ್ನು ಅದು ಫೋನಿನ ಉದ್ದಗಲಕ್ಕೂ ಹರಡುತ್ತದೆ. ಹರಡಿದ ಕಾವು ಬೇಗ ಹೊರಗೆ ಹೋಗುತ್ತದೆ, ನಿಜ. ಆದರೆ ಹೊರಗಿನ ಗಾಳಿಯೇ ನಲವತ್ತು ಡಿಗ್ರಿ ಇದ್ದರೆ ಹೋಗುವುದೆಲ್ಲಿಗೆ? ಐಫೋನನ್ನು ಮೂವತ್ತೈದು ಡಿಗ್ರಿಯವರೆಗಿನ ಹವೆಯಲ್ಲಿ ಬಳಸಿ ಎಂದು ಆ್ಯಪಲ್ ಕಂಪನಿಯೇ ಬರೆದಿದೆ. ಕಲಬುರಗಿ, ರಾಯಚೂರುಗಳ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಆ ಗೆರೆಯ ಆಚೆಗೇ ಇರುತ್ತದೆ.

ಫೋನು ಒಂದೇ ಏಟಿಗೆ ನಿಲ್ಲುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಸೋಲುತ್ತದೆ. ಮೊದಲು ಪರದೆಯ ಬೆಳಕು ತಾನಾಗಿ ಇಳಿಯುತ್ತದೆ. ಬಿಸಿಲಲ್ಲಿ ನಿಂತವರಿಗೆ ಪರದೆ ಕಾಣುತ್ತಿಲ್ಲ ಅನ್ನಿಸುವುದು ಕಣ್ಣಿನ ದೋಷವಲ್ಲ. ಚಾರ್ಜ್ ಹಾಕಿದ್ದರೆ ಅದು ನಿಧಾನವಾಗುತ್ತದೆ ಅಥವಾ ನಿಲ್ಲುತ್ತದೆ, ಫ್ಲ್ಯಾಶ್ ಹತ್ತುವುದಿಲ್ಲ. ಆಮೇಲೆ ಚಿಪ್ ತನ್ನ ವೇಗ ತಗ್ಗಿಸಿ, ವಿಡಿಯೊದ ಚೌಕಟ್ಟುಗಳು ಅಲ್ಲಲ್ಲಿ ಬಿಟ್ಟುಹೋಗುತ್ತವೆ. ಇದು ಆ ಹೊತ್ತಿಗೆ ಗೊತ್ತಾಗುವುದಿಲ್ಲ, ಮನೆಗೆ ಬಂದು ನೋಡಿದಾಗ ಕೈ ಬೀಸಿದ್ದು ಜರ್ಕು ಹೊಡೆದಂತೆ ಕಾಣುತ್ತದೆ. ಕೊನೆಗೆ ಕ್ಯಾಮೆರಾ ಮುಚ್ಚುತ್ತದೆ. ಸುಮ್ಮನೆ ಕ್ಯಾಮೆರಾ ಮುಚ್ಚಿದರೆ ಅಲ್ಲಿವರೆಗಿನದು ಸಾಮಾನ್ಯವಾಗಿ ಉಳಿಯುತ್ತದೆ. ಫೋನೇ ಧಡಾರನೆ ಆರಿದರೆ ಮಾತ್ರ ಅಪಾಯ. ಎಂಪಿ4 ಕಡತದಲ್ಲಿ ಯಾವ ಚೌಕಟ್ಟು ಎಲ್ಲಿದೆ ಎಂಬ ಪರಿವಿಡಿಯನ್ನು ಹೆಚ್ಚಾಗಿ ರೆಕಾರ್ಡಿಂಗ್ ನಿಲ್ಲಿಸಿದ ಮೇಲೆ ಬರೆಯಲಾಗುತ್ತದೆ. ಅದು ಬರೆಯುವ ಮುಂಚೆ ಫೋನ್ ಆರಿದರೆ ಎರಡು ಜಿಬಿ ಕಡತ ಕಣ್ಣಿಗೆ ಕಾಣುತ್ತದೆ, ತೆರೆಯುವುದಿಲ್ಲ. ಅರ್ಧ ಗಂಟೆಯ ವಿಡಿಯೊವನ್ನು ಒಂದೇ ಉಸಿರಿಗೆ ತೆಗೆಯದೆ, ಏಳೆಂಟು ನಿಮಿಷಕ್ಕೊಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕಾಗಿ.

ತಯಾರಕರಿಗೂ ಇದೆಲ್ಲ ಗೊತ್ತು. 2018ರ ಗ್ಯಾಲಕ್ಸಿ ಎಸ್9ನಲ್ಲಿ 4K, 60 ಚೌಕಟ್ಟಿನ ವಿಡಿಯೊವನ್ನು ಒಂದು ಸಲಕ್ಕೆ ಐದೇ ನಿಮಿಷ ತೆಗೆಯಲು ಬಿಡುತ್ತಿದ್ದರು. ಕೆಲಸ ಹೆಚ್ಚಿದಷ್ಟೂ ಕಾವು ಹೆಚ್ಚು. ಕೆಲಸ ಎಷ್ಟು ಎಂಬ ಅಂದಾಜು ಐಫೋನಿನ ಸೆಟ್ಟಿಂಗಿನಲ್ಲೇ ಸಿಗುತ್ತದೆ: 1080p, 30ರಲ್ಲಿ ನಿಮಿಷಕ್ಕೆ ಸುಮಾರು 60 ಎಂಬಿ, 4K 30ರಲ್ಲಿ 170, 4K 60ರಲ್ಲಿ 400. ಅಷ್ಟನ್ನು ಸೆನ್ಸರಿನಿಂದ ಎತ್ತಿ, ಕುಗ್ಗಿಸಿ, ಮೆಮೊರಿಗೆ ಬರೆಯುವ ದುಡಿಮೆಯೆಲ್ಲ ಅಂಗೈಯಗಲದ ಪೆಟ್ಟಿಗೆಯೊಳಗೇ ನಡೆಯಬೇಕು.

ಹೊರಗಿನ ಮೈಕ್ ಈ ಕಾವಿನ ಲೆಕ್ಕಕ್ಕೂ ಬರುತ್ತದೆ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಮೈಕಿನ ರಿಸೀವರ್ ಇರುವ ಒಂದೇ ರಂಧ್ರವನ್ನು ಆಕ್ರಮಿಸಿಕೊಂಡಿರುತ್ತದೆ, ಹಲವು ರಿಸೀವರ್‌ಗಳು ಫೋನಿನ ಬ್ಯಾಟರಿಯಿಂದಲೇ ಕರೆಂಟು ಎಳೆಯುತ್ತವೆ. ಬ್ಯಾಟರಿ ಇಳಿಯಿತು, ಚಾರ್ಜ್ ಹಾಕೋಣ ಎಂದರೆ ರಂಧ್ರವಿಲ್ಲ. ಕೆಲವು ರಿಸೀವರ್‌ಗಳ ಬುಡದಲ್ಲೇ ಚಾರ್ಜಿಂಗ್ ರಂಧ್ರ ಕೊಟ್ಟಿರುತ್ತಾರೆ. ಅದಕ್ಕೆ ಪವರ್ ಬ್ಯಾಂಕ್ ಸಿಕ್ಕಿಸಿದರೆ ರೆಕಾರ್ಡಿಂಗ್ ಕಾವಿನ ಮೇಲೆ ಚಾರ್ಜಿಂಗ್ ಕಾವೂ ಸೇರುತ್ತದೆ. ವೈರ್‌ಲೆಸ್ ಚಾರ್ಜರ್ ಬೆನ್ನಿಗೆ ಅಂಟಿಸಿದರೆ ಇನ್ನೂ ಕೆಟ್ಟದು. ನಮ್ಮವಳು ಜಾತ್ರೆಯಲ್ಲಿ ಮಾಡಿದ್ದೂ ಅದೇ ಎಂದು ಆಮೇಲೆ ತಿಳಿಯಿತು. ಜೇಬಿನ ಪವರ್ ಬ್ಯಾಂಕ್‌ಗೆ ತಂತಿ ಹಾಕಿ, ದಪ್ಪ ರಬ್ಬರ್ ಕವರಿನೊಳಗೆ ಫೋನಿಟ್ಟು, 4Kಯಲ್ಲಿ, ಮಧ್ಯಾಹ್ನ ಒಂದು ಗಂಟೆಗೆ. ಹಿಂದಿನ ಕ್ಯಾಮೆರಾದ ಗುಣಮಟ್ಟವನ್ನು 4Kಗೆ ಇಟ್ಟಿದ್ದಳು, ನಡುನಡುವೆ ಅದನ್ನೂ ಬಳಸಿದ್ದಳು. ಹಳೆಯ ಫೋನಿನ ಮೇಲೆ ಹೊರಿಸಿದ ತಪ್ಪಿನಲ್ಲಿ ಅರ್ಧ ನಮ್ಮದೇ.

ಹೊಸ ಫೋನಿನ ಕಾವನ್ನು ನೋಡಲು ನಮಗೊಂದು ಅನುಕೂಲ ಒದಗಿತು. ಅದೇ ಮಾದರಿ ನಮ್ಮ ಓಣಿಯ ಬ್ಯಾಂಕ್ ಉದ್ಯೋಗಿಯೊಬ್ಬರ ಹತ್ತಿರ ಇತ್ತು. "ಸುಡಬ್ಯಾಡ್ರಿ ಮತ್ತ," ಎಂದು ನಗುತ್ತಲೇ ಕೊಟ್ಟರು. ಭಾನುವಾರ ಹನ್ನೆರಡಕ್ಕೆ ಮಾಳಿಗೆಗೆ ಹೋದೆವು. ಕವರ್ ಬಿಚ್ಚಿ, ಮೈಕ್ ಚುಚ್ಚಿ, ಮುಂದಿನ ಕ್ಯಾಮೆರಾ, 4K 30, ಬಿಸಿಲಿಗೆ ನೇರ. ಒಂಬತ್ತನೇ ನಿಮಿಷಕ್ಕೆ ಪರದೆ ಮಂಕಾಯಿತು. ಹದಿನೇಳನೇ ನಿಮಿಷಕ್ಕೆ ಫೋನ್ ಬಿಸಿಯಾಗಿದೆ ಎಂಬ ಸೂಚನೆ ಬಂತು, ಇಪ್ಪತ್ತೆರಡಕ್ಕೆ ತಾನೇ ನಿಂತಿತು. ಕೆಳಗೆ ತಂದು ಫ್ಯಾನ್ ಕೆಳಗಿಟ್ಟು ಅರ್ಧ ಗಂಟೆ ಆರಿಸಿದೆವು. ಫ್ರಿಜ್ಜಿನಲ್ಲಿ ಇಡಲು ಹೋಗಬೇಡಿ, ಒಳಗೆ ನೀರಿನ ಹನಿ ಕಟ್ಟುತ್ತದೆ. ಮತ್ತೆ ಮಾಳಿಗೆಗೆ ಹೋಗಿ ಈ ಸಲ 1080pಗೆ ಇಳಿಸಿ, ತಂಗಿಗೆ ಒಂದು ಕೊಡೆ ಕೊಟ್ಟು ಫೋನಿನ ಮೇಲೆ ನೆರಳು ಹಿಡಿಯಲು ಹೇಳಿದೆ. ನಲವತ್ತು ನಿಮಿಷ ಓಡಿತು. ಬೆಚ್ಚಗಾಗಿತ್ತು, ಸೂಚನೆ ಬರಲಿಲ್ಲ. ನಿಲ್ಲಿಸಿದ್ದು ನಾವೇ, ತಂಗಿಯ ಕೈ ಸೋತಿತ್ತು.

ಆ ಕೊಡೆಯ ಬಗ್ಗೆ ಒಂದು ಮಾತು ಸೇರಿಸಬೇಕು. ಮುಖಕ್ಕೆ ಚೆನ್ನಾಗಿ ಬೆಳಕು ಬೀಳಲಿ ಎಂದು ಸೂರ್ಯನಿಗೆ ಎದುರಾಗಿ ನಿಂತರೆ ಫೋನಿನ ಬೆನ್ನು ಸೂರ್ಯನಿಗೆ ತಾಗುತ್ತದೆ. ತಿರುಗಿ ನಿಂತರೆ ಕಪ್ಪು ಪರದೆ ಪೂರ್ತಿ ಬಿಸಿಲು ಕುಡಿಯುತ್ತದೆ, ಮುಖವೂ ಕಪ್ಪಾಗುತ್ತದೆ. ಮರದ ನೆರಳು, ಅಂಗಡಿಯ ತಗಡಿನ ಚಾಚು ಇವುಗಳ ಅಂಚಿನಲ್ಲಿ ನಿಂತರೆ ಮುಖಕ್ಕೂ ಮೃದು ಬೆಳಕು, ಫೋನಿಗೂ ನೆರಳು. ಬೆನ್ನಿಗೆ ಸಿಕ್ಕಿಸುವ ಸಣ್ಣ ಕೂಲರ್ ಫ್ಯಾನುಗಳು ಬರುತ್ತವೆ. ಆಟ ಆಡುವವರಿಗೆ ಸರಿ. ಅವುಗಳ ಗುಂಯ್ ಸದ್ದು ಫೋನಿನ ಮೈಕಿಗಂತೂ ಕೇಳುತ್ತದೆ, ಎದೆಯ ಮೈಕಿಗೆ ಕಡಿಮೆ.

ಸೋಮವಾರ ಅದೇ ಮೂರನೇ ಫೋನನ್ನು ಕೊಂಡೆವು. ಅಂದಾಜು ಮೀರಿದ ದುಡ್ಡಿಗೆ ಮೆಮೊರಿ ಕಡಿಮೆ ಇರುವ ಮಾದರಿ ಆರಿಸಿ ಸರಿದೂಗಿಸಬಹುದಲ್ಲ ಎಂದು ಹುಡುಗ ಹೇಳಿದ. ನಾನು ಒಪ್ಪಲಿಲ್ಲ. ನಿಮಿಷಕ್ಕೆ 170 ಎಂಬಿಯಂತೆ ಒಂದು ಗಂಟೆಗೆ ಹತ್ತು ಜಿಬಿ ಆಗುತ್ತದೆ, 128 ಜಿಬಿ ಫೋನು ಮೂರನೇ ಜಾತ್ರೆಗೆ ತುಂಬಿಹೋಗುತ್ತದೆ. ಬದಲಿಗೆ ದುಬಾರಿ ವೈರ್‌ಲೆಸ್ ಕಿಟ್ ಬಿಟ್ಟು ಸದ್ಯಕ್ಕೆ ತಂತಿಯ ಮೈಕನ್ನೇ ಕೊಂಡೆವು, ಒಬ್ಬಳೇ ಮಾತಾಡುವವಳಿಗೆ ಅದು ಸಾಕು. ಅದಕ್ಕೆ ಟೈಪ್-ಸಿ ಪಿನ್ ಇತ್ತು, ಅಂಗಡಿಯ ಕಟ್ಟೆಯ ಮೇಲೇ ಮತ್ತೊಮ್ಮೆ ಉಗುರಿನಿಂದ ಗೀರಿ ನೋಡಿದೆವು.

ಈಗ ಅವಳು ಜಾತ್ರೆ, ಸಂತೆ ಎಂದು ಹೊರಟರೆ ಬೆಳಿಗ್ಗೆ ಹತ್ತರೊಳಗೆ, ಇಲ್ಲವೇ ನಾಲ್ಕರ ಮೇಲೆ ಚಿತ್ರೀಕರಿಸುತ್ತಾಳೆ. 1080pಯಲ್ಲೇ ತೆಗೆಯುತ್ತಾಳೆ. ನೀವು ಕೊಳ್ಳಲು ಹೊರಟಿದ್ದರೆ ನಿಮ್ಮ ಮೈಕನ್ನು ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ. ಚುಚ್ಚಿ ನೋಡಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ.